ಹಾದಿಯಲ್ಲಿ ಇಳಿದ ತೂಕ

ಮಂಗಲಾಗೆ ಮೊದಲು ಸಂಶಯ ಬಂದದ್ದು ಟೆಂಪೊ ಓಡಿಸುವ ಮಕ್ತುಮಸಾಬನ ಮೇಲೆ.

ಊರಲ್ಲಿ ನಲವತ್ತು ಕಿಲೋ ಅಂತ ತೂಗಿ ಹೊಲಿದ ಬೀನ್ಸ್ ಚೀಲ ಗೋವೆಯ ಕುಂಕಳ್ಳಿಗೆ ಬಂದು ಇಳಿಯುವಾಗ ಮೂವತ್ತೇಳಕ್ಕೆ ನಿಲ್ಲುತ್ತಿತ್ತು. ಕೆಲವು ದಿನ ಮೂವತ್ತಾರು. ಹಸಿಮೆಣಸಿನಕಾಯಿಯದ್ದೂ ಅದೇ ಕತೆ. ಚಳಿಗಾಲದಲ್ಲಿ ಅಂಗಡಿ ಶುರುವಾದಾಗ ಇಷ್ಟು ವ್ಯತ್ಯಾಸ ಇರಲಿಲ್ಲ. ಶಿವರಾತ್ರಿ ದಾಟಿ ಬಿಸಿಲು ಏರಿದ ಮೇಲೆ ದಿನಾ ಇದೇ ಹಾಡು. ಊರಿಗೂ ಕುಂಕಳ್ಳಿಗೂ ನಡುವೆ ಚೀಲದ ಹತ್ತಿರ ಇರುವವನು ಒಬ್ಬನೇ. ಹಾಗಿರುವಾಗ ಬೇರೆ ಯಾರ ಮೇಲೆ ಅನುಮಾನ ಪಡಬೇಕು?

ಮಂಗಲಾ ಬೈಲಹೊಂಗಲ ಕಡೆಯವಳು. ಗಂಡ ಮಾಂತೇಶ ಕುಂಕಳ್ಳಿಯ ಕೈಗಾರಿಕಾ ವಸಾಹತಿನಲ್ಲಿ ಕಬ್ಬಿಣ ಕರಗಿಸುವ ಕಾರ್ಖಾನೆಯ ದಿನಗೂಲಿ. ಅವಳೂ ಆರು ವರ್ಷ ಅಲ್ಲೇ, ಪ್ಲಾಸ್ಟಿಕ್ ಬಕೆಟ್ ಮಾಡುವ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಆ ಕಾರ್ಖಾನೆ ಬೇರೆ ರಾಜ್ಯಕ್ಕೆ ಎದ್ದು ಹೋಯಿತು. ಮನೆಯಲ್ಲಿ ಕೂತ ಹೊತ್ತಿನಲ್ಲೇ ಊರಿನಿಂದ ದೂರದ ಕಾಕಾ ಪರಮಣ್ಣ ಬಂದಿದ್ದ. ಊರ ತರಕಾರಿ ಬೆಳೆಗಾರರೆಲ್ಲ ಸೇರಿ ಒಂದು ಸಹಕಾರಿ ಸಂಘ ಕಟ್ಟಿದ್ದರು, ಅವನೇ ಅಧ್ಯಕ್ಷ.

"ಬೆಳಗಾವಿ ದಲಾಲಂಗ ಕೊಟ್ರ ಅವನು ಹೇಳಿದ್ದ ರೇಟು, ಅವನು ತೂಗಿದ್ದ ತೂಕ," ಅಂದಿದ್ದ ಪರಮಣ್ಣ. "ಅವನ ಕಡಿಂದ ಇನ್ನೊಬ್ಬ ವ್ಯಾಪಾರಿ, ಅವನ ಕಡಿಂದ ಗೋವಾದ ಅಂಗಡಿಯಾವ. ಕಡೀಕ ತಿನ್ನಾವ ಕೊಡೂದರಾಗ ನಮಗ ಮೂರನೇ ಪಾಲೂ ಮುಟ್ಟೂದಿಲ್ಲ. ಇಲ್ಲಿ ನಮ್ಮ ಮಂದೀನ ಸಾವಿರಗಟ್ಟಲೆ ಅದಾರ. ನೇರ ಅವರಿಗೇ ಮಾರೂಣು. ನೀ ಕುಂದರವಾ ಅಂಗಡ್ಯಾಗ. ನಮ್ಮ ಹುಡುಗಿ ಇದ್ರ ನಂಬಿಕಿ."

ವಸಾಹತಿನ ಗೇಟಿನ ಎದುರು ತಗಡಿನ ಮಾಡಿನ ಒಂದು ಕೋಣೆ ಬಾಡಿಗೆಗೆ ಹಿಡಿದರು. ಅಂಗಡಿ ಚಲೋ ಓಡಿತು. ಪಾಳಿ ಬಿಟ್ಟು ಬರುವ ಕೂಲಿಯವರು, ಹತ್ತಿರದ ಗೋವೆಯ ಹೆಂಗಸರು, ಎಲ್ಲರೂ ಬಂದರು. ಮಾರಿ ಬಂದದ್ದರಲ್ಲಿ ಟೆಂಪೊ ಬಾಡಿಗೆ, ಕೋಣೆ ಬಾಡಿಗೆ, ಮಂಗಲಾಳ ಪಗಾರ ತೆಗೆದು ಉಳಿದದ್ದನ್ನು ಬೆಳೆಗಾರರು ತಾವು ಕೊಟ್ಟ ತೂಕದ ಪ್ರಕಾರ ಹಂಚಿಕೊಳ್ಳುತ್ತಿದ್ದರು. ಹಾದಿಯಲ್ಲಿ ಕಡಿಮೆಯಾದದ್ದು ಎಲ್ಲರ ಪಾಲಿನಿಂದಲೂ ಮುರಿಯುತ್ತಿತ್ತು. ಅದಕ್ಕೇ ಆ ಮೂರು ನಾಲ್ಕು ಕಿಲೋದ ಮೇಲೆ ಊರಿಗೆ ಊರೇ ಕಣ್ಣಿಟ್ಟಿತ್ತು.

ಮಂಗಲಾಗೆ ಬಕೆಟ್ಟಿನ ಲೆಕ್ಕ ಗೊತ್ತಿತ್ತು. ಒಂದು ಪೆಟ್ಟಿಗೆಯಲ್ಲಿ ಎರಡು ಡಜನ್ ಹಾಕಿ ಟೇಪು ಅಂಟಿಸಿದರೆ ಅದು ಪುಣೆಗೆ ಹೋದರೂ ಎರಡು ಡಜನ್, ಎರಡು ವರ್ಷ ಗೋದಾಮಿನಲ್ಲಿ ಬಿದ್ದರೂ ಎರಡು ಡಜನ್. ಕಡಿಮೆ ಬಂತೆಂದರೆ ಯಾರೋ ಕೈ ಹಾಕಿದ್ದಾರೆ, ಅಷ್ಟೇ. ಅದಕ್ಕೆ ಎರಡನೇ ಅರ್ಥವಿಲ್ಲ.

"ಮಕ್ತುಮಸಾಬ್ರ ತಮ್ಮ ಜಿಲಾನಿ ಮೊಲೆಂದಾಗ ಹೋಟೆಲಿಗೆ ತರಕಾರಿ ಹಾಕ್ತಾನಂತ," ಅಂತ ಮಾಂತೇಶ ಒಂದು ದಿನ ಊಟಕ್ಕೆ ಕೂತಾಗ ಹೇಳಿದ.

ಮಂಗಲಾ ಬೇರೇನೂ ಕೇಳಲಿಲ್ಲ. ಮರುದಿನ ನಸುಕಿನಲ್ಲಿ ಗಂಡನ ಬೈಕಿನ ಹಿಂದೆ ಕೂತು ಘಟ್ಟದ ಬುಡದ ಗಡಿ ಊರು ಮೊಲೆಮ್ಮಿಗೆ ಹೊರಟಳು.

ಬೆಳಕು ಹರಿಯುವ ಹೊತ್ತಿಗೆ ಅವರು ಮುಟ್ಟಿದರು. ಘಟ್ಟ ಇಳಿದು ಬಂದ ಲಾರಿಗಳು ಚೆಕ್‌ಪೋಸ್ಟಿನ ಮುಂದೆ ಉದ್ದಕ್ಕೆ ನಿಂತಿದ್ದವು. ಮಕ್ತುಮಸಾಬನ ಟೆಂಪೊ ಆ ಸಾಲಿನಲ್ಲಿ ಇರಲಿಲ್ಲ. ಚೆಕ್‌ಪೋಸ್ಟು ದಾಟಿ ಸ್ವಲ್ಪ ಮುಂದೆ, ಒಂದು ಮರದ ಕೆಳಗೆ, ತಾಡಪತ್ರಿ ಬಿಚ್ಚಿ ನಿಂತಿತ್ತು. ಚೀಲಗಳು ಕೆಳಗಿಳಿದಿದ್ದವು, ಎರಡರ ಬಾಯಿಯ ಹೊಲಿಗೆ ಬಿಚ್ಚಿತ್ತು. ಹತ್ತಿರದಲ್ಲಿ ಒಂದು ಮೂರು ಗಾಲಿಯ ಗಾಡಿ, ಅದಕ್ಕೆ ಆತುಕೊಂಡು ಬೀಡಿ ಸೇದುತ್ತ ಜಿಲಾನಿ.

ಮಂಗಲಾ ಬೈಕು ನಿಲ್ಲುವ ಮೊದಲೇ ಇಳಿದಳು.

"ಇದೇನ್ರಿ ಮಕ್ತುಮಸಾಬ್ರ?"

ಮಕ್ತುಮಸಾಬ ತಲೆ ಎತ್ತಿ ನೋಡಿದ. ನಲವತ್ತೈದು ದಾಟಿದ ಮನುಷ್ಯ, ಗಡ್ಡದಲ್ಲಿ ಬಿಳಿ ಇಣುಕಿತ್ತು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಚೀಲವನ್ನು ಮೆಲ್ಲಗೆ ಕೆಳಗಿಟ್ಟ.

"ಗಾಳಿ ಆಡಸಾಕತ್ತೇನ್ರಿ ಅಕ್ಕಾರ. ಒಳಗ ಕುದಿಯಾಕತ್ತೈತಿ ಮಾಲು. ನಡಕಿನ ಚೀಲ ಹೊರಗ ತಗದು ಹೊರಗಿನವು ಒಳಗ ಇಡ್ತೇನಿ. ದಿನಾ ಇಡ್ತೇನಿ."

"ದಿನಾ ಇಡ್ತೀರಿ. ಇಲ್ಲೇ, ನಿಮ್ಮ ತಮ್ಮನ ಗಾಡಿ ಮುಂದನ."

"ಅವನು ಚಾ ತಂದಾನ್ರಿ ನನಗ."

ಮೂರು ಗಾಲಿಯ ಗಾಡಿಯೊಳಗೆ ಕುಂಬಳಕಾಯಿ, ಬಟಾಟಿ ಇದ್ದವು. ಬೀನ್ಸ್ ಇರಲಿಲ್ಲ. ಆದರೆ ಮಂಗಲಾಗೆ ಅದರಿಂದ ಸಮಾಧಾನವಾಗಲಿಲ್ಲ. ಇವತ್ತು ಇನ್ನೂ ಹಾಕಿಕೊಂಡಿಲ್ಲ, ಅಷ್ಟೇ ಅನ್ನಿಸಿತು. ಅಲ್ಲೇ ನಿಂತು ಮೊಬೈಲಿನಲ್ಲಿ ಪರಮಣ್ಣನಿಗೆ ಎಲ್ಲ ಹೇಳಿದಳು, ಮಕ್ತುಮಸಾಬನಿಗೆ ಕೇಳಿಸುವಂತೆಯೇ ಹೇಳಿದಳು. ಅವನು ಚೀಲಗಳನ್ನು ಮೇಲೇರಿಸಿ ಕುಂಕಳ್ಳಿಗೆ ತಂದು ಇಳಿಸಿದ.

"ನಾಳಿಂದ ಬ್ಯಾರೆ ಗಾಡಿ ನೋಡ್ಕೋರಿ," ಅಂದ. "ಬಾಯ್ನಾದ ಸಮುದ್ರದಂಡ್ಯಾಗ ಸರಕಾರದವರು ನಮ್ಮ ಮನಿ ಕೆಡವಿದಾಗ ಸೈತ ನನಗ ಯಾರೂ ಕಳ್ಳ ಅಂದಿದ್ದಿಲ್ಲ."

ಅದನ್ನು ಹೇಳಿ ಹೋದವನು ತಿರುಗಿ ನೋಡಲಿಲ್ಲ. ಮಂಗಲಾ ಒಂದು ಗಳಿಗೆ ಅವನ ಬೆನ್ನು ನೋಡುತ್ತ ನಿಂತಳು. ಕಳ್ಳರೂ ಹೀಗೇ ಮಾತಾಡುತ್ತಾರೆ ಅಂದುಕೊಂಡು ಒಳಗೆ ಬಂದಳು.

ಪರಮಣ್ಣ ತನ್ನ ಸ್ವಂತ ತಂಗಿಯ ಮಗ ಯಮನೂರನನ್ನು ಟೆಂಪೊ ಕೊಟ್ಟು ಕಳಿಸಿದ. ಮನೆಯ ಮಗ, ಅವನ ಮೇಲೆ ಅನುಮಾನ ಪಡುವ ಹಾಗಿಲ್ಲ. ಅವನು ಎಲ್ಲೂ ನಿಲ್ಲುತ್ತಿರಲಿಲ್ಲ, ತಾಡಪತ್ರಿ ಬಿಚ್ಚುತ್ತಿರಲಿಲ್ಲ, ಸೀದಾ ಬರುತ್ತಿದ್ದ. ಮೊದಲ ದಿನ ಮಂಗಲಾ ಖುಷಿಯಿಂದಲೇ ಚೀಲ ತೂಗಿದಳು. ಮೂವತ್ತಾರು. ಮರುದಿನ ಮೂವತ್ತಾರಕ್ಕೂ ಕಡಿಮೆ. ಚೀಲ ಬಿಚ್ಚಿದರೆ ನಡುವಿನ ಕಾಯಿ ಕಂದಾಗಿ, ಲೋಳೆ ಹಿಡಿದು, ಮೂಗು ಮುಚ್ಚುವಂಥ ವಾಸನೆ. ಆರಿಸಿ ಎಸೆದ ಮೇಲೆ ಮಾರುವುದಕ್ಕೆ ಉಳಿದದ್ದು ಇನ್ನೂ ಕಡಿಮೆ.

ಈಗ ಊರಿನ ಕಣ್ಣು ಮಂಗಲಾಳ ಮೇಲೆ ತಿರುಗಿತು.

ಅದು ಅವಳಿಗೆ ತಿಳಿದದ್ದು ಸಂಘದ ಕಾರ್ಯದರ್ಶಿ ಖೀರಪ್ಪನ ಫೋನಿನಿಂದ. ಖೀರಪ್ಪ ಎಂದೂ ನೇರವಾಗಿ ಕೇಳುವವನಲ್ಲ. ಮಕ್ಕಳು ಹೆಂಗದಾವು, ಅಲ್ಲಿ ಶೆಕಿ ಭಾಳ ಐತೇನು ಅಂತ ಶುರು ಮಾಡಿ, ಕೊನೆಗೆ, "ಮನಿಗೆ ಫ್ರಿಜ್ ತಂದೀರಂತಲ್ಲವಾ, ಚಲೋ ಆತು ಬಿಡು," ಅಂದ.

"ಕಂತಿನ ಮ್ಯಾಲ ತಂದಾರ್ರೀ ಮನಿಯವರು."

"ಅಲ್ಲವಾ, ನಾ ಏನರೆ ಅಂದ್ನೇನು? ಮಂದಿ ಕೇಳ್ತಾರ, ಅದಕ ಹೇಳಿದೆ."

ಫೋನು ಇಟ್ಟ ಮೇಲೆ ಮಂಗಲಾ ಲೆಕ್ಕ ಹಾಕಿದಳು. ಫ್ರಿಜ್ಜಿನ ಸುದ್ದಿ ಊರಿಗೆ ಒಯ್ದವರು ಯಾರು? ಯಮನೂರನೇ? ಅವನು ಮೊನ್ನೆ ಮನೆಗೆ ನೀರು ಕುಡಿಯಲು ಬಂದಿದ್ದ. ಅಂದರೆ ಅವನನ್ನು ಬರೀ ಟೆಂಪೊ ಓಡಿಸಲಿಕ್ಕೆ ಕಳಿಸಿಲ್ಲ. ಅವತ್ತಿನಿಂದ ಅವಳು ಯಮನೂರನಿಗೆ ಚಹಾ ಕೊಡುವಾಗಲೂ ಮುಖ ನೋಡುವುದನ್ನು ಬಿಟ್ಟಳು.

ಆದರೆ ತೂಕ ಎಲ್ಲಿ ಹೋಗುತ್ತಿದೆ? ತಾನಂತೂ ತೆಗೆದಿಲ್ಲ. ಒಂದು ಮುಂಜಾನೆ ಒಂದು ಚೀಲ ಬೀನ್ಸನ್ನು ಬಂದ ಹಾಗೇ, ಬಾಯಿ ಬಿಚ್ಚದೆ ತೂಗಿ, ಅಂಗಡಿಯ ಹಿಂದಿನ ಕೋಣೆಯಲ್ಲಿಟ್ಟು ಬೀಗ ಹಾಕಿದಳು. ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡಳು. ಸಂಜೆ ತೆಗೆದು ಮತ್ತೆ ತೂಗಿದಳು. ಎರಡು ಕಿಲೋ ಕಡಿಮೆಯಾಗಿತ್ತು.

ಮೊದಲು ಮಾಂತೇಶನ ನೆನಪಾಯಿತು, ಅವನ ಹತ್ತಿರ ಇನ್ನೊಂದು ಬೀಗದ ಕೈ ಇದೆಯೇನೋ ಅಂತ. ತನ್ನ ತಲೆಯಲ್ಲಿ ಇಂಥದ್ದೂ ಬಂತಲ್ಲ ಅಂತ ಅವಳಿಗೇ ನಾಚಿಕೆಯಾಯಿತು. ಹೊಲಿಗೆ ಹಾಗೇ ಇತ್ತು. ಚೀಲ ಇಟ್ಟ ಜಾಗದಲ್ಲಿ ನೆಲ ಒದ್ದೆಯಾಗಿತ್ತು, ನೀರು ಗೋಡೆಯವರೆಗೆ ಹರಿದಿತ್ತು. ಅವಳು ಹೊಲಿಗೆ ಕಿತ್ತು ಮೊಳಕೈಯವರೆಗೆ ಕೈ ಹಾಕಿದಳು. ಒಳಗೆ ಬೆಚ್ಚಗಲ್ಲ, ಸುಡುವ ಹಾಗಿತ್ತು. ಮಕ್ತುಮಸಾಬ ಕುದಿಯಾಕತ್ತೈತಿ ಅಂದದ್ದು ಆಗ ಅವಳ ಕಿವಿಗೆ ಬಿತ್ತು.

ಬಕೆಟ್ಟು ಉಸಿರಾಡುವುದಿಲ್ಲ. ಕಾಯಿ ಗಿಡದಿಂದ ಬಿಡಿಸಿದ ಮೇಲೂ ಉಸಿರಾಡುತ್ತದೆ, ಬೆವರುತ್ತದೆ, ಒಂದರ ಮೇಲೊಂದು ಒತ್ತಿ ಹೊಲಿದರೆ ತಾನೇ ಬೇಯುತ್ತದೆ. ಇದನ್ನು ಹೊಲದಲ್ಲಿ ಹುಟ್ಟಿ ಬೆಳೆದ ಅವಳು ಮರೆತಿದ್ದಳು. ಆದರೆ ಕಾಯಿಯ ಬೆವರಿಗೆ ಇಷ್ಟು ನೀರು ಬರುವುದಿಲ್ಲ. ನೆಲದ ಮೇಲಿನ ನೀರು ನೋಡುತ್ತ ಕೂತಾಗ ಹೊಸ ಸಂಶಯವೊಂದು ಹುಟ್ಟಿತು, ಮತ್ತು ಅದು ಹಿಂದಿನ ಎಲ್ಲಕ್ಕಿಂತ ಕೆಟ್ಟದ್ದಾಗಿತ್ತು.

ಪರಮಣ್ಣ ಮತ್ತು ಖೀರಪ್ಪ ಅದೇ ವಾರ ಬಂದರು. ಬರುವುದಾಗಿ ಹೇಳಿರಲಿಲ್ಲ. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ ಒಳಗೆ ಬಂದು ನಿಂತರು. ಖೀರಪ್ಪ ಮೊದಲು ತಕ್ಕಡಿ ನೋಡಿದ, ಆಮೇಲೆ ಹಿಂದಿನ ಕೋಣೆ ನೋಡಿದ. ಮಂಗಲಾ ಇಬ್ಬರಿಗೂ ನೀರು ಕೊಟ್ಟಳು.

"ಕಾಕಾ, ನಿಮಗ ನನ್ನ ಮ್ಯಾಲ ಸಂಶೆ ಐತೇನ್ರಿ?"

ಪರಮಣ್ಣ ನೀರಿನ ಲೋಟ ಕೆಳಗಿಟ್ಟ. "ಮಂದಿ ಬಾಯಿ ಮುಚ್ಚಾಕ ಬಂದೇನವಾ," ಅಂದ.

"ಹಂಗಾರ ನಾ ಒಂದು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಊರಾಗ ಚೀಲ ತೂಗೂಕಿಂತ ಮೊದಲ ಮಾಲಿಗೆ ನೀರು ಹೊಡಿತಾರೇನು?"

ಖೀರಪ್ಪ ನಕ್ಕ. ಅಂಗಡಿಯ ಮುಂದಿನ ಬುಟ್ಟಿಯಲ್ಲಿದ್ದ ಪಾಲಕ್ಕಿನ ಮೇಲೆ ಕೈಯಾಡಿಸಿ, ಒದ್ದೆಯಾದ ಬೆರಳು ಎತ್ತಿ ತೋರಿಸಿದ.

"ನೀರು ಯಾರು ಹೊಡಿತಾರಂತ ಇಲ್ಲೇ ಕಾಣಸಾಕತ್ತೈತಿ."

ಅದು ನಿಜವೇ. ಸೊಪ್ಪು ಬಾಡಬಾರದು ಅಂತ ಅವಳು ಗಂಟೆಗೊಮ್ಮೆ ನೀರು ಚಿಮುಕಿಸುತ್ತಿದ್ದಳು. ಎಲ್ಲ ಅಂಗಡಿಯವರೂ ಚಿಮುಕಿಸುತ್ತಾರೆ. ಕಟ್ಟಿನ ಲೆಕ್ಕದಲ್ಲಿ ಮಾರುವ ಸೊಪ್ಪಿಗೆ ನೀರಿನಿಂದ ತೂಕದ ಲಾಭವೇನೂ ಇಲ್ಲ. ಆದರೆ ಅದನ್ನು ಈಗ ವಿವರಿಸಿದರೆ ಕಳ್ಳರ ವಿವರಣೆಯ ಹಾಗೇ ಕೇಳಿಸುತ್ತದೆ ಅಂತ ಅವಳಿಗೆ ಗೊತ್ತಿತ್ತು. ಮಕ್ತುಮಸಾಬ ಮರದ ಕೆಳಗೆ ನಿಂತು ಹೇಳಿದ್ದೂ ಹಾಗೇ ಕೇಳಿಸಿತ್ತು.

"ಆಯ್ತು," ಅಂದಳು. "ನನ್ನ ಅಂಗಡ್ಯಾಗಿಂದು ಬ್ಯಾಡ. ನಾಳೆ ಮಾಲು ನನ್ನ ಕೈಗೆ ಬರೂಕಿಂತ ಮೊದಲ ನೀವ ನೋಡ್ರಿ. ಮೊಲೆಂದಾಗ ನಿಂದ್ರೂಣು. ತಕ್ಕಡಿ ತಗೊಂಡು ಹೋಗೂಣು. ಯಮನೂರಗೂ ಹೇಳಬ್ಯಾಡ್ರಿ, ಊರಿಗೂ ಫೋನ್ ಮಾಡಬ್ಯಾಡ್ರಿ."

ಖೀರಪ್ಪನಿಗೆ ಮನಸ್ಸಿರಲಿಲ್ಲ. ಬಿಸಿಲಿಗೆ ತಲೆನೋವು ಅಂದ, ಊರಲ್ಲಿ ಕೆಲಸವಿದೆ ಅಂದ. ಪರಮಣ್ಣ ಮಾತ್ರ ಅವಳ ಮುಖವನ್ನೇ ನೋಡುತ್ತಿದ್ದವನು, "ನಿಂದ್ರೂಣು," ಅಂದ. ಆ ರಾತ್ರಿ ಇಬ್ಬರೂ ಮಂಗಲಾಳ ಮನೆಯಲ್ಲೇ ಉಂಡು ಮಲಗಿದರು. ಖೀರಪ್ಪ ಫ್ರಿಜ್ಜಿನ ನೀರು ಬೇಡವೆಂದ.

ನಸುಕಿನಲ್ಲಿ ಬಾಡಿಗೆ ರಿಕ್ಷಾ ಮಾಡಿಕೊಂಡು, ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಮಡಿಲಲ್ಲಿಟ್ಟುಕೊಂಡು ಮೂವರೂ ಮೊಲೆಮ್ಮಿಗೆ ಬಂದರು. ಯಮನೂರನ ಟೆಂಪೊ ಚೆಕ್‌ಪೋಸ್ಟಿನ ಸಾಲಿನಲ್ಲಿ ಸಿಕ್ಕಿತು. ಮಾವನನ್ನು ಕಂಡು ಅವನಿಗೆ ಗಾಬರಿಯಾಯಿತು, ಆದರೂ ಪಕ್ಕಕ್ಕೆ ತೆಗೆದು ನಿಲ್ಲಿಸಿದ. ಟೆಂಪೊದ ಹಿಂದಿನ ಹಲಗೆಯ ಸಂದಿಯಿಂದ ನೀರು ಹನಿಯುತ್ತಿತ್ತು. ಬಂದ ದಾರಿಯ ಟಾರಿನ ಮೇಲೂ ಹನಿಯ ಗೆರೆ ಕಾಣುತ್ತಿತ್ತು.

ತಾಡಪತ್ರಿ ಎತ್ತಿದಾಗ ಹಬೆ ಮುಖಕ್ಕೆ ಹೊಡೆಯಿತು. ಎದುರಿನ ಚಹಾದಂಗಡಿಯವನಿಂದ ಮಟ್ಟಸವಾದ ಹಲಗೆ ಇಸಿದುಕೊಂಡು ತಕ್ಕಡಿ ಇಟ್ಟು ನಾಲ್ಕು ಚೀಲ ತೂಗಿದರು. ಒಂದೂ ಮೂವತ್ತೆಂಟಕ್ಕೆ ಮುಟ್ಟಲಿಲ್ಲ. ಒಂದೇ ಒಂದು ಚೀಲ, ಐದನೆಯದು, ನಲವತ್ತಕ್ಕೆ ಅರ್ಧ ಕಿಲೋ ಕಡಿಮೆ ನಿಂತಿತು. ಅದನ್ನು ಬಿಚ್ಚಿದರೆ ಕಾಯಿಯ ಮೈ ಒಣಗಿತ್ತು, ಮುರಿದರೆ ಟಕ್ಕೆಂದಿತು.

"ಇದು ಮಾಶಾಬಿದು," ಅಂದ ಯಮನೂರ. "ಅಕಿ ಚೀಲಕ್ಕ ಕೆಂಪು ಚಿಂದಿ ಕಟ್ಟಿರ್ತಾಳ."

"ಹಾದ್ಯಾಗ ಎಲ್ಲೆರೆ ನಿಂತಿದ್ದೇನಪಾ?" ಅಂತ ಖೀರಪ್ಪ ಕೇಳಿದ.

"ಇಲ್ಲ. ನೀರು ಇಲ್ಲಿ ಬಂದದ್ದಲ್ಲ ಖೀರಪ್ಪಣ್ಣ. ಊರಾಗ ಏರಿಸಿದಾಗಿಂದನ ಸುರಿಯಾಕತ್ತೈತಿ. ದಿನಾ ಸುರಿತೈತಿ."

ಪರಮಣ್ಣ ಮೊದಲ ಚೀಲದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಅದರ ಬಾಯಿಯ ಹೊಲಿಗೆಯನ್ನು ಬೆರಳಿನಿಂದ ಮುಟ್ಟುತ್ತಿದ್ದ. ಬೇರೆ ಎಲ್ಲ ಚೀಲ ಸುತಳಿಯಲ್ಲಿ ಹೊಲಿದಿದ್ದವು, ಅದು ಮಾತ್ರ ಕತ್ತಾಳಿ ನಾರಿನದ್ದು. ಊರಲ್ಲಿ ಈಗಲೂ ಕತ್ತಾಳಿ ನಾರು ಹೊಸೆಯುವುದು ಅವನ ಮನೆಯಲ್ಲಿ ಮಾತ್ರ, ಅವನ ಹೆಂಡತಿ ಫಕೀರವ್ವ. ಆ ಚೀಲದ್ದು ಎಲ್ಲಕ್ಕಿಂತ ಕಡಿಮೆ ತೂಕ ಬಂದಿತ್ತು. ಮಂಗಲಾ ಕಂಡಳು, ಕಂಡೂ ಬೇರೆ ಕಡೆ ನೋಡಿದಳು.

ಪರಮಣ್ಣ ಎದ್ದ.

"ಬೆಳಗಾವಿಗೆ ಒಯ್ಯಾಗ ತೂಕಕ್ಕಂತ ನೀರು ಹೊಡಿತಿದ್ವಿ," ಅಂದ. "ದಲಾಲ ಹೆಂಗೂ ಚೀಲಕ್ಕ ಎರಡು ಕಿಲೋ ಮುರಕೊಳ್ತಿದ್ದ, ಹೊಲಸು ಐತಿ, ಹಸಿ ಐತಿ ಅಂತ. ಹೊಡದ್ರೂ ಮುರಿತಿದ್ದ, ಹೊಡೀದಿದ್ರೂ ಮುರಿತಿದ್ದ. ಅದಕ ನಾವೂ ಹೊಡಿತಿದ್ವಿ. ನಮ್ಮ ಅಪ್ಪನೂ ಹೊಡಿತಿದ್ದ. ಬೆಳಗಾವಿ ಹತ್ರ, ಮಾಲು ಕೊಳ್ಯೂದರಾಗ ಕೈ ಬದಲಾಗತಿತ್ತು. ಕೊಳತದ್ದು ಯಾರ ಮನ್ಯಾಗ ಅಂತ ನಮಗ ಗೊತ್ತ ಆಗತಿರಲಿಲ್ಲ."

"ಈಗ ದಲಾಲ ಇಲ್ಲಲ್ರಿ ಕಾಕಾ. ಕಡೀತನಕ ನಮ್ಮದ ಮಾಲು."

"ಹೌದವಾ. ಆದ್ರ ಎಲ್ಲಾರೂ ಹೊಡಿತಾರ, ನಾ ಒಬ್ಬಾವ ಬಿಟ್ರ ನನ್ನ ಪಾಲು ಅವರಿಗೆ ಹೋಗತೈತಿ ಅಂತ ಒಬ್ಬೊಬ್ರೂ ಅನಕೊಂಡೇವಿ." ಅವನು ಖೀರಪ್ಪನ ಕಡೆ ನೋಡಲಿಲ್ಲ. "ಮಾಶಾಬಿ ಒಬ್ಬಾಕಿ ಬಿಟ್ಟಾಳ. ಅಕಿ ಪಾಲು ನಾವು ಎಲ್ಲಾರೂ ತಿಂದೇವಿ."

ಊರಿನಲ್ಲಿ ಆ ವಾರ ನಡೆದ ಸಭೆಗೆ ಮಂಗಲಾ ಹೋಗಲಿಲ್ಲ. ಅಲ್ಲಿ ಬೈದಾಟ ಆಯಿತೆಂದು, ಪರಮಣ್ಣ ತನ್ನ ಚೀಲದ ತೂಕವನ್ನೇ ಮೊದಲು ಓದಿ ಹೇಳಿದನೆಂದು ಆಮೇಲೆ ಕೇಳಿದಳು. ಕೊನೆಗೆ ಕೆಲವು ಮಾತು ಗಟ್ಟಿಯಾದವು. ಬಿಸಿಲು ಇಳಿದ ಮೇಲೆ ಬಿಡಿಸುವುದು, ನೆರಳಿನಲ್ಲಿ ಹರಡಿ ಆರಿಸಿ ತುಂಬುವುದು. ಒತ್ತಿ ತುಂಬಿದ ಚೀಲದ ಬದಲು ಗಾಳಿಯಾಡುವ ಪ್ಲಾಸ್ಟಿಕ್ ಕ್ರೇಟು, ಕ್ರೇಟಿನ ಮೇಲೆ ಬೆಳೆದವರ ಹೆಸರು. ಚಲೋ ಕಾಯಿ ಬೇರೆ, ಸಣ್ಣದ್ದು ಡೊಂಕಿದ್ದು ಬೇರೆ, ರೇಟೂ ಬೇರೆ. ನೀರು ಹೊಡೆಯದ ಮಾಲೂ ಹಾದಿಯಲ್ಲಿ ಒಂದಿಷ್ಟು ಇಳಿಯುತ್ತದೆ. ಅಷ್ಟನ್ನು ಎಲ್ಲರೂ ಒಪ್ಪಿಕೊಳ್ಳುವುದು, ಅದಕ್ಕಿಂತ ಹೆಚ್ಚು ಇಳಿದರೆ ಆ ಹೆಸರಿನವರೇ ಹೊರುವುದು. ಇದನ್ನು ಒಪ್ಪದ ಹತ್ತಾರು ಮಂದಿ ಸಂಘ ಬಿಟ್ಟು ದಲಾಲನ ಕಡೆ ಹೋದರು. ಖೀರಪ್ಪ ಬಿಡಲಿಲ್ಲ, ಆದರೆ ಮಂಗಲಾಗೆ ಮತ್ತೆ ಫೋನೂ ಮಾಡಲಿಲ್ಲ.

ಮಂಗಲಾ ಮಕ್ತುಮಸಾಬನ ಮನೆ ಹುಡುಕಿಕೊಂಡು ಹೋದಳು. ಬಾಯ್ನಾದ ಮನೆ ನೆಲಸಮವಾದ ಮೇಲೆ ಅವನು ಕುಂಕಳ್ಳಿಯಾಚೆ ಒಂದು ಚಾಳಿನಲ್ಲಿದ್ದ. ಅವನ ಹೆಂಡತಿ ಲಾಡಬಿ ಬಾಗಿಲಲ್ಲಿ ನಿಂತು ಒಳಗೆ ಬರ್ರಿ ಅನ್ನಲಿಲ್ಲ. ಮಂಗಲಾ ಬಾಗಿಲಲ್ಲೇ ನಿಂತು ತಪ್ಪಾಯಿತೆಂದು ಹೇಳಿದಳು. ಕಾರಣವನ್ನೂ ಹೇಳಿದಳು, ಬಕೆಟ್ಟಿನ ಮಾತು ಮಾತ್ರ ಬಿಟ್ಟು.

ಮಕ್ತುಮಸಾಬ ಒಳಗಿನಿಂದಲೇ ಕೇಳಿಸಿಕೊಂಡ. ಆಮೇಲೆ ಹೊರಗೆ ಬಂದ.

"ಬರ್ತೇನ್ರಿ," ಅಂದ. "ಆದ್ರ ಊರಾಗ ಏರಿಸಾಗ ನನ್ನ ಮುಂದ ತೂಗಬೇಕು. ಇಲ್ಲಿ ಇಳಸಾಗೂ ನನ್ನ ಮುಂದ ತೂಗಬೇಕು. ನನ್ನ ಮ್ಯಾಲ ನೀವು ನಂಬಿಕಿ ಇಡೂದು ಬ್ಯಾಡ. ನಾನೂ ಇಡೂದಿಲ್ಲ."

ಹಾಗೆಯೇ ನಡೆಯಿತು. ಮಳೆಗಾಲದಲ್ಲಿ ಘಟ್ಟ ಮುಚ್ಚಿದ ಕೆಲವು ದಿನ ಬಿಟ್ಟರೆ ಟೆಂಪೊ ತಪ್ಪಲಿಲ್ಲ. ಮಾಲು ಮೈ ಒಣಗಿಯೇ ಬರುತ್ತಿತ್ತು. ಮಕ್ತುಮಸಾಬ ಮೊಲೆಮ್ಮಿನ ಮರದ ಕೆಳಗೆ ಈಗಲೂ ನಿಲ್ಲಿಸುತ್ತಿದ್ದ. ಯಾಕೆಂದು ಯಾರೂ ಕೇಳುತ್ತಿರಲಿಲ್ಲ.

ನಿಜವಾದ ಕಷ್ಟ ಬಂದದ್ದು ಚೌತಿಯ ವಾರ. ಶ್ರಾವಣ ಮುಗಿಯುವವರೆಗೂ ಗೋವೆಯ ಎಷ್ಟೋ ಮನೆಗಳಲ್ಲಿ ಮೀನು ಮಾಂಸವಿಲ್ಲ, ಚೌತಿಗಂತೂ ತರಕಾರಿಗೆ ಸಾಲು ನಿಲ್ಲುತ್ತದೆ. ಮಂಗಲಾ ದುಪ್ಪಟ್ಟು ಮಾಲು ಕಳಿಸಿರೆಂದು ಹೇಳಿದ್ದಳು. ಬಕೆಟ್ಟಾಗಿದ್ದರೆ ಯಂತ್ರ ಎರಡು ಪಾಳಿ ಓಡಿಸಿದರೆ ಆಯಿತು. ಬೀನ್ಸಿನ ಗಿಡಕ್ಕೆ ಅದು ಗೊತ್ತಿಲ್ಲ; ಎರಡು ತಿಂಗಳ ಹಿಂದೆ ಎಷ್ಟು ಬಿತ್ತಿದ್ದರೋ ಅಷ್ಟೇ. ಅದರ ಮೇಲೆ ಬೆಳಗಾವಿಯ ದಲಾಲರು ಹಬ್ಬದ ವಾಸನೆ ಹಿಡಿದು ತಾವೇ ಊರಿಗೆ ಲಾರಿ ಕಳಿಸಿದರು, ಹೊಲದಲ್ಲೇ ನಿಂತು ಸಂಘಕ್ಕಿಂತ ಹೆಚ್ಚಿನ ರೇಟು ಹೇಳಿದರು, ಕೈಗೆ ಕೈ ರೊಕ್ಕ ಕೊಟ್ಟರು.

"ಏನಾಗತೈತೋ ಗೊತ್ತಿಲ್ಲವಾ," ಅಂದ ಪರಮಣ್ಣ ಫೋನಿನಲ್ಲಿ. "ನನ್ನ ಮಗನ ನನ್ನ ಜೋಡಿ ಜಗಳ ತಗದಾನ."

ಮಂಗಲಾ ಅಂಗಡಿಯ ಬಾಗಿಲು ತೆಗೆದು ಕೂತಳು. ಗಿರಾಕಿಗಳು ಏಳಕ್ಕೇ ಬಂದು ನಿಂತಿದ್ದರು. ಬರುವುದಿಲ್ಲ, ಖಾಲಿ ಟೆಂಪೊ ಬರುತ್ತದೆ, ಯಾರು ಬಿಡುತ್ತಾರೆ ಇಂಥ ರೇಟು ಅಂತ ಅವಳ ಮನಸ್ಸು ಒಂದೊಂದೇ ಹೆಸರು ಹಿಡಿದು ಅನುಮಾನಿಸುತ್ತಿತ್ತು. ಖೀರಪ್ಪ ಮೊದಲು ಹೋಗಿರುತ್ತಾನೆ. ಪರಮಣ್ಣನ ಮಗ ಹೋಗಿರುತ್ತಾನೆ.

ಟೆಂಪೊ ಬಂತು. ಅರ್ಧವೇ ತುಂಬಿತ್ತು. ಮಕ್ತುಮಸಾಬ ಇಳಿದು ಕ್ರೇಟು ಇಳಿಸಿದ, ಇಬ್ಬರೂ ಸೇರಿ ಒಂದೊಂದಾಗಿ ತೂಗಿದರು. ಹೆಸರು ಓದುತ್ತ ಹೋದಾಗ ಮಾಶಾಬಿಯದು ಸಿಕ್ಕಿತು, ಪರಮಣ್ಣನದು ಸಿಕ್ಕಿತು. ಖೀರಪ್ಪನದೂ ಎರಡು ಕ್ರೇಟು ಸಿಕ್ಕವು. ಮಂಗಲಾ ಆ ಹೆಸರನ್ನು ಎರಡು ಸಲ ಓದಿದಳು.

"ಖೀರಪ್ಪಣ್ಣ ಕೊಟ್ರೇನ್ರಿ?"

"ಕೊಟ್ರು. ಎರಡು ಇಲ್ಲಿಗೆ, ಉಳದದ್ದು ಲಾರಿಗೆ," ಅಂದ ಮಕ್ತುಮಸಾಬ. "ಯಾರರೆ ಕೇಳಿದ್ರ ಸಂಘಕ್ಕೂ ಕೊಟ್ಟೇನಿ ಅಂತ ಹೇಳ್ರಿ ಅಂದ್ರು."

ಮಂಗಲಾಗೆ ನಗು ಬಂತು, ಮಕ್ತುಮಸಾಬ ನಗಲಿಲ್ಲ. ಅವಳು ಸಾಲಿನ ಕಡೆ ತಿರುಗಿ, ಇವತ್ತು ಅರ್ಧವೇ ಬಂದಿದೆ, ಒಬ್ಬೊಬ್ಬರಿಗೆ ಅರ್ಧ ಕಿಲೋಕ್ಕಿಂತ ಹೆಚ್ಚು ಕೊಡುವುದಿಲ್ಲ, ರೇಟು ನಿನ್ನೆಯದೇ ಅಂತ ಕೊಂಕಣಿಯಲ್ಲಿ ಹೇಳಿದಳು. ಮುಂದೆ ನಿಂತಿದ್ದ ಗೋವೆಯ ಮುದುಕಿಯೊಬ್ಬಳು ಕ್ರೇಟಿನಿಂದ ಒಂದು ಕಾಯಿ ಎತ್ತಿ ಮುರಿದು ನೋಡಿ, ಚೀಲ ಮುಂದೆ ಹಿಡಿದಳು.